ಬಿಲ್ ಕಟ್ಟಿದ ಮೇಲೂ ರಿಮೈಂಡರ್ ಯಾಕೆ ಬರುತ್ತೆ? ಐಟಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಚಾಟ್‌ಬಾಟ್ ಮಾಡೋ ಕೆಲಸದಲ್ಲಿರೋನು ಸಾರ್. ವಾಟ್ಸಾಪ್‌ನಲ್ಲಿರೋ ಸರ್ಕಾರಿ ಸೇವೆಗಳ ಬಾಟ್‌ಗಳು ತಾವಾಗೇ ಕಳಿಸೋ ಮೆಸೇಜ್ ಬಗ್ಗೆ ಒಂದು ವಿಷಯ ನಿಮಗೆ ಹೇಳ್ಲೇಬೇಕು.

ಒಂದು ಬಿಲ್ ಲೆಕ್ಕಕ್ಕೆ ತಗೊಳ್ಳಿ. ಕಟ್ಟೋಕೆ ಕೊನೆ ದಿನ 15. ಬಿಲ್ ರೆಡಿಯಾದ ದಿನವೇ ಸಿಸ್ಟಮ್ 10, 14, 15ಕ್ಕೆ ಅಂತ ಮೂರು ರಿಮೈಂಡರ್ ಕ್ಯೂಗೆ ಹಾಕಿಬಿಡುತ್ತೆ. ಆ ಮನುಷ್ಯ 9ನೇ ತಾರೀಖು ರಾತ್ರಿನೇ ದುಡ್ಡು ಕಟ್ತಾನೆ, ಆದ್ರೆ ಕ್ಯೂನಲ್ಲಿರೋ ಮೆಸೇಜ್‌ಗೆ ಅದು ಗೊತ್ತೇ ಆಗಲ್ಲ, ಬೆಳಗ್ಗೆ ‘ನಿಮ್ಮ ಬಿಲ್ ಬಾಕಿ ಇದೆ’ ಅಂತ ಹೋಗುತ್ತೆ. ಪಾಪ ಅವನು ಗಾಬರಿಯಾಗಿ ‘ನಿನ್ನೆನೇ ಕಟ್ಟಿದೀನಲ್ಲ’ ಅಂತ ಟೈಪ್ ಮಾಡಿದ್ರೆ ಬಾಟ್ ಕೊಡೋ ಉತ್ತರ ಮೇನ್ ಮೆನು! 14ಕ್ಕೆ ಮತ್ತೆ ಅದೇ ಮೆಸೇಜ್, ಆಗ ಬ್ಲಾಕ್ ಮಾಡ್ತಾನೆ. ಮುಂದೆ ನಿಜವಾಗ್ಲೂ ಸೇವೆ ನಿಲ್ಲೋ ದಿನ ಬಂದಾಗ ಆ ಎಚ್ಚರಿಕೆನೂ ಅವನಿಗೆ ಮುಟ್ಟಲ್ಲ. ನನಗೆ ಹೊಟ್ಟೆ ಉರಿಯೋದು ಇದಕ್ಕೇ.

ಸರಿ ಮಾಡೋದು ಕಷ್ಟ ಏನಲ್ಲ. ಕ್ಯೂಗೆ ಹಾಕುವಾಗ ಅಲ್ಲ, ಕಳಿಸೋ ಕ್ಷಣದಲ್ಲಿ ಬಾಕಿ ಇದೆಯಾ ಅಂತ ಡೇಟಾಬೇಸನ್ನ ಕೇಳ್ಬೇಕು, ಪೇಮೆಂಟ್ ಪೆಂಡಿಂಗ್ ಅಂತ ಬಂದ್ರೆ ಅದು ಇತ್ಯರ್ಥ ಆಗೋವರೆಗೂ ಸುಮ್ಮನಿರ್ಬೇಕು, ಜನ ಏನಾದ್ರೂ ರಿಪ್ಲೈ ಮಾಡಿದ್ರೆ ಉಳಿದ ರಿಮೈಂಡರ್ ತಡೆದು ಅದನ್ನ ಒಬ್ಬ ಸಿಬ್ಬಂದಿ ನೋಡ್ಬೇಕು. ಇನ್ನೊಂದು, ಪ್ರತಿ ಮೆಸೇಜಿಗೂ ಒಂದು ಎಕ್ಸ್‌ಪೈರಿ ಟೈಮ್ ಇರ್ಲಿ. ಇಲ್ಲಾಂದ್ರೆ ಸರ್ವರ್ ಸಂಜೆ ಕೆಟ್ಟು ರಾತ್ರಿ 2 ಗಂಟೆಗೆ ಎದ್ದಾಗ ತುಂಬಿಕೊಂಡಿರೋದೆಲ್ಲ ಒಟ್ಟಿಗೆ ಜನರ ಫೋನಿಗೆ ಸುರಿಯುತ್ತೆ.

ವಾಟ್ಸಾಪ್‌ನವರು ಟೆಂಪ್ಲೇಟ್, ಅಂದ್ರೆ ಮೊದಲೇ ಬರೆದಿಟ್ಟ ಮೆಸೇಜಿನ ಮಾದರಿ, ಅಪ್ರೂವ್ ಮಾಡಿದಾರಲ್ಲ ಅಂತ ಅಧಿಕಾರಿಗಳು ನಿಮಗೆ ಹೇಳ್ಬಹುದು. ಬಳಕೆದಾರರು ಕೊನೇ ಸಲ ಮೆಸೇಜ್ ಮಾಡಿ 24 ಗಂಟೆ ಕಳೆದ ಮೇಲೆ ಅಪ್ರೂವ್ ಆದ ಟೆಂಪ್ಲೇಟ್ ಮಾತ್ರ ಕಳಿಸೋಕೆ ಆಗೋದು, ನಿಜ. ಆದ್ರೆ ಅಲ್ಲಿ ನೋಡೋದು ಮೆಸೇಜಿನ ಒಕ್ಕಣೆ, ಈ ಮನುಷ್ಯನಿಗೆ ಇವತ್ತು ಅದು ಬೇಕಾ ಅನ್ನೋದನ್ನ ಇಲಾಖೆನೇ ನೋಡ್ಬೇಕು.

ನಿಲ್ಲಿಸೋ ದಾರಿನೂ ಸರಿಯಿಲ್ಲ. ಎಷ್ಟೋ ಬಾಟ್‌ಗಳಿಗೆ ಇಂಗ್ಲಿಷಿನ STOP ಒಂದೇ ಅರ್ಥ ಆಗೋದು, ಜನ ಬರೆಯೋದು ‘ಬೇಡ’, ‘ಸಾಕು’, ‘ಕಳಿಸ್ಬೇಡಿ’ ಅಂತ. ಇವೆಲ್ಲ ಕೆಲಸ ಮಾಡ್ಬೇಕು, ಮತ್ತೆ ಯೋಜನೆಗಳ ಪ್ರಚಾರ ಬೇಡ ಅಂದವರಿಗೆ ಬಿಲ್ ರಿಮೈಂಡರ್ ನಿಲ್ಲಬಾರದು, ಎರಡೂ ಬೇರೆ ಬೇರೆ ಆಫ್ ಮಾಡೋ ಹಾಗಿರ್ಬೇಕು.

ಎಷ್ಟು ಮೆಸೇಜ್ ಹೋಯ್ತು ಅನ್ನೋ ಲೆಕ್ಕ ನಿಮ್ಮ ಟೇಬಲ್‌ಗೆ ಬರುತ್ತೆ ಅನ್ಸುತ್ತೆ. ಅದರ ಜೊತೆ ಇನ್ನೆರಡು ಕೇಳಿ ಸಾರ್: ಆಗ್ಲೇ ಕಟ್ಟಿದವರಿಗೆ ಹೋಗಿದ್ದೆಷ್ಟು, ಬೇಡ ಅಂದಮೇಲೂ ಹೋಗಿದ್ದೆಷ್ಟು. ಮುಂದಿನ ಟೆಂಡರ್‌ನಲ್ಲೇ ಈ ಎರಡೂ ಸೊನ್ನೆ ಇರ್ಬೇಕು ಅಂತ ಷರತ್ತು ಹಾಕ್ಸಿ.

ಇಂತಿ,
ಒಬ್ಬ ಚಾಟ್‌ಬಾಟ್ ಡೆವಲಪರ್