ಆ ಸಿಸ್ಟಿಗೂ, ನನ್ನ ಬಲಗಡೆ ಓವರಿ ಉಳಿಸಿದವರಿಗೂ

ಮಗಳಿಗೆ ನಿನ್ನೆ 40 ದಿನ ತುಂಬಿತು. ಒಂದು ತೋಳಲ್ಲಿ ಅವಳನ್ನು ಮಲಗಿಸಿಕೊಂಡು ಇನ್ನೊಂದು ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಎಂಟು ತಿಂಗಳಿಂದ ಬಾಕಿ ಇರುವ ಥ್ಯಾಂಕ್ಸ್ ಇದು.

ಮೊದಲನೆಯದು ನನ್ನ ಮೊದಲ ಸ್ಕ್ಯಾನ್ ಮಾಡಿದ ಡಾಕ್ಟರಿಗೆ. ಆಗ ನನಗೆ 6 ವಾರ 4 ದಿನ. ಪರದೆಯ ಮೇಲೆ ಅಕ್ಕಿಕಾಳಿನಷ್ಟು ಮಗು, ಅದರೊಳಗೆ ಪಟಪಟ ಅನ್ನುವ ಹೃದಯ. ನಾನಿನ್ನೂ ಅದನ್ನೇ ನೋಡುತ್ತಿದ್ದೆ. ಅವರು ಸುಮ್ಮನೆ ಪ್ರೋಬನ್ನು ಪಕ್ಕಕ್ಕೆ ತಿರುಗಿಸಿದರು. ಅಲ್ಲೊಂದು ದೊಡ್ಡ ಕಪ್ಪು ಗುಂಡು. ಮಗುವಿಗಿಂತ ಎಷ್ಟೋ ಪಾಲು ದೊಡ್ಡದು. ರಿಪೋರ್ಟಿನಲ್ಲಿ "ಬಲ ಓವರಿಯಲ್ಲಿ ಕಾರ್ಪಸ್ ಲೂಟಿಯಂ ಸಿಸ್ಟ್, 5.8 × 5.2 ಸೆಂ.ಮೀ." ಎಂದು ಬಂತು. ಸಿಸ್ಟ್ ಅನ್ನುವ ಒಂದೇ ಪದ ಕಣ್ಣಿಗೆ ಬಿದ್ದಿದ್ದು. ಹೃದಯ ಬಡಿತ ನೋಡಿದ ಖುಷಿ ಅಲ್ಲೇ ಇಳಿದುಹೋಯಿತು.

ನನ್ನ ಮುಖ ನೋಡಿ ಅವರೇ ಕುರ್ಚಿ ಎಳೆದುಕೊಂಡು ಕೂತರು. "ಇದು ಬೇಡದ ಗಡ್ಡೆ ಅಲ್ಲಮ್ಮ. ಸದ್ಯಕ್ಕೆ ನಿಮ್ಮ ಮಗುವಿನ ಊಟ ಇದರಿಂದಲೇ ನಡೀತಿದೆ ಅಂದುಕೊಳ್ಳಿ" ಅಂದರು.

ಅವರು ಹೇಳಿದ್ದು ಇಷ್ಟು. ಪ್ರತಿ ತಿಂಗಳು ಓವರಿಯಲ್ಲಿ ಒಂದು ಪುಟ್ಟ ನೀರಿನ ಚೀಲ ಒಡೆದು ಅಂಡಾಣು ಹೊರಗೆ ಬರುತ್ತದೆ. ಆ ಖಾಲಿ ಚೀಲ ಹಾಳಾಗಿ ಹೋಗುವುದಿಲ್ಲ. ಅದೇ ಬೇರೆ ರೂಪ ತಾಳಿ ಪ್ರೊಜೆಸ್ಟರಾನ್ ಹಾರ್ಮೋನ್ ತಯಾರಿಸಲು ಶುರು ಮಾಡುತ್ತದೆ. ಅದನ್ನೇ ಕಾರ್ಪಸ್ ಲೂಟಿಯಂ ಅನ್ನುತ್ತಾರೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರದಲ್ಲಿ ಬಾಡಿಹೋಗುತ್ತದೆ, ಮುಟ್ಟು ಬರುತ್ತದೆ. ಗರ್ಭ ನಿಂತರೆ ಕೆಲಸ ಮುಂದುವರಿಸುತ್ತದೆ. ಗರ್ಭಕೋಶದ ಒಳಪದರ ಕಳಚದಂತೆ ಹಿಡಿದಿಡುವುದು ಆ ಹಾರ್ಮೋನು. 7ನೇ ವಾರದಿಂದ ಈ ಕೆಲಸವನ್ನು ಮಾಸು ಮೆಲ್ಲಗೆ ತನ್ನ ಕೈಗೆ ತೆಗೆದುಕೊಳ್ಳುತ್ತದೆ, 10-12ನೇ ವಾರದ ಹೊತ್ತಿಗೆ ಪೂರ್ತಿ ಅದರದ್ದೇ. ಅಲ್ಲಿಯವರೆಗೆ ಈ ಚೀಲ ಬೇಕು. ಕೆಲವರಲ್ಲಿ ಅದರೊಳಗೆ ನೀರೋ ಸ್ವಲ್ಪ ರಕ್ತವೋ ತುಂಬಿ ದೊಡ್ಡದಾಗುತ್ತದೆ. ಆಗ ಅದನ್ನು ಸಿಸ್ಟ್ ಅನ್ನುತ್ತಾರೆ.

"ಕಾರ್ಪಸ್ ಲೂಟಿಯಮ್ಮೇ ಅಂತ ಹೇಗೆ ಗೊತ್ತಾಯಿತು?" ಎಂದು ಕೇಳಿದೆ. ಬೈಯುತ್ತಾರೇನೋ ಅಂದುಕೊಂಡಿದ್ದೆ. ಬೈಯಲಿಲ್ಲ, ಮತ್ತೆ ಪರದೆ ತೋರಿಸಿದರು. ಸಿಸ್ಟಿನ ಗೋಡೆ ದಪ್ಪ ಇತ್ತು. ರಕ್ತದ ಹರಿವು ತೋರಿಸುವ ಬಣ್ಣದ ಡಾಪ್ಲರ್ ಹಾಕಿದಾಗ ಆ ಗೋಡೆಯ ಸುತ್ತ ಕೆಂಪು ಕಿತ್ತಳೆ ಬಣ್ಣದ ಬಳೆ ಮೂಡಿತು. ಅವರ ಭಾಷೆಯಲ್ಲಿ ಅದು 'ರಿಂಗ್ ಆಫ್ ಫೈರ್'. ಗರ್ಭನಾಳದಲ್ಲಿ ಕೂತ ಗರ್ಭದ ಸುತ್ತಲೂ ಇಂಥದೇ ಬಳೆ ಕಾಣಬಹುದಂತೆ. ಹಾಗಾಗಿ ಬಳೆ ಕಂಡ ಕೂಡಲೇ ಅವರು ತೀರ್ಮಾನಕ್ಕೆ ಬರಲಿಲ್ಲ. ಮಗು ಗರ್ಭಕೋಶದ ಒಳಗೇ ಇದೆಯಾ, ಸಿಸ್ಟ್ ಓವರಿಯ ಒಳಗೇ ಇದೆಯಾ ಎಂದು ನೋಡಿದರು. ಪ್ರೋಬಿನಿಂದ ಮೆಲ್ಲಗೆ ಒತ್ತಿದಾಗ ಓವರಿಯೂ ಸಿಸ್ಟೂ ಒಟ್ಟಿಗೇ ಸರಿದವು. ಬೇರೆ ಬೇರೆ ಸರಿದಿದ್ದರೆ ಅದು ಓವರಿಯ ಹೊರಗಿನದು ಎಂಬ ಅನುಮಾನ ಬರುತ್ತಿತ್ತು. ಸಿಸ್ಟಿನ ಒಳಗೆ ಬಲೆಯಂಥ ತೆಳು ಎಳೆಗಳಿದ್ದವು. ಅದು ಹೆಪ್ಪುಗಟ್ಟಿದ ಹಳೆ ರಕ್ತ. ಆ ಎಳೆಗಳಲ್ಲಿ ರಕ್ತ ಓಡಾಡುತ್ತಿರಲಿಲ್ಲ. ಒಳಗೆ ಗಟ್ಟಿ ಉಂಡೆ ಇದ್ದು, ಅದರೊಳಗೆ ರಕ್ತ ಹರಿಯುತ್ತಿದ್ದರೆ, ಅಥವಾ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿದ್ದರೆ, ಬೇರೆ ಡಾಕ್ಟರಿಗೂ ತೋರಿಸಿ ಎನ್ನುತ್ತಿದ್ದೆ ಅಂದರು.

ಮನೆಗೆ ಬಂದ ಮೇಲೆ ಪರಿಚಯದವರೊಬ್ಬರು ಸಿಎ-125 ರಕ್ತಪರೀಕ್ಷೆ ಮಾಡಿಸು, ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಯುತ್ತದೆ ಎಂದರು. ಪುಣ್ಯಕ್ಕೆ ನನ್ನ ಹೆರಿಗೆ ಡಾಕ್ಟರ್ ಬೇಡ ಅಂದರು. ಬಸಿರಿನ ಮೊದಲ ಮೂರು ತಿಂಗಳಲ್ಲಿ ಅದು ಸುಮ್ಮಸುಮ್ಮನೇ ಏರಿರುತ್ತದಂತೆ. ಏರಿದ ನಂಬರ್ ನೋಡಿದ್ದರೆ ನಾನು ಮುಂದಿನ ಸ್ಕ್ಯಾನ್‌ವರೆಗೆ ನಿದ್ದೆ ಮಾಡುತ್ತಿರಲಿಲ್ಲ.

ಆದರೆ ನಾನು ಸ್ಕ್ಯಾನ್ ಡಾಕ್ಟರಿಗೆ ಹೆಚ್ಚು ಋಣಿ ಆಗಿರುವುದು ಈ ವಿವರಣೆಗೂ ಅಲ್ಲ. ನಾನು ಎದ್ದು ಹೊರಡುವಾಗ ಅವರು ರಿಪೋರ್ಟಿನ ಹಿಂಬದಿ ಪೆನ್ನಿನಲ್ಲಿ ಬರೆದುಕೊಟ್ಟ ಮೂರು ಸಾಲಿಗೆ. "ಒಂದೇ ಕಡೆ ಥಟ್ಟನೆ ಶುರುವಾಗುವ ಜೋರು ನೋವು, ಜೊತೆಗೆ ವಾಂತಿ, ಆ ನೋವು ಬಂದು ಹೋಗಿ ಮಾಡಿದರೂ ಸರಿ, ತಕ್ಷಣ ಬನ್ನಿ. ತಲೆಸುತ್ತು, ಭುಜದ ತುದಿ ನೋವು, ಕಣ್ಣು ಕತ್ತಲೆ ಬಂದರೆ ತಕ್ಷಣ ಬನ್ನಿ. ಏನೂ ಇಲ್ಲದಿದ್ದರೆ ಎರಡು ವಾರ ಬಿಟ್ಟು ಬನ್ನಿ." ಎರಡನೇ ಸಾಲು ಸಿಸ್ಟ್ ಒಡೆದು ಒಳಗೆ ರಕ್ತ ಸೋರಿದರೆ ಅಂತ. ರಕ್ತ ಹೊಟ್ಟೆಯ ಮೇಲ್ಭಾಗಕ್ಕೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದೆ, ವಿಚಿತ್ರ ಅಲ್ವಾ? ನನಗೆ ಬೇಕಾಗಿದ್ದು ಮೊದಲ ಸಾಲು.

ಎರಡು ವಾರಕ್ಕೆ ಇನ್ನೂ ಎರಡು ದಿನ ಇತ್ತು. ರಾತ್ರಿ ಮಗ್ಗುಲು ಬದಲಿಸಿದೆ, ಬಲಗಡೆ ಕೆಳಹೊಟ್ಟೆಯಲ್ಲಿ ಯಾರೋ ಹಿಡಿದು ತಿರುಚಿದ ಹಾಗಾಯಿತು. ವಾಂತಿ ಬಂತು. ಅರ್ಧ ಗಂಟೆ ಬಿಟ್ಟು ನೋವು ಇಳಿಯಿತು. ಬಸಿರಿಯ ವಾಂತಿ, ಗ್ಯಾಸು ಎಂದು ನಾನು ಮುದುಡಿ ಮಲಗಿದೆ. ಮತ್ತೆ ಬಂತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಕ್ಕ ಎದ್ದು ಬಂದವಳು ರಿಪೋರ್ಟ್ ತಿರುಗಿಸಿ ಓದಿದಳು. "ಬೆಳಗ್ಗೆ ನೋಡೋಣ ಅನ್ಬೇಡ ಕಣೇ, ಇದರಲ್ಲಿ ಬರೆದಿದೆ ನೋಡು. ಏಳು, ಚಪ್ಪಲಿ ಹಾಕ್ಕೋ" ಅಂದಳು. ನಮ್ಮವರು ಗಾಡಿ ತೆಗೆದರು. ಅಕ್ಕಾ, ಎರಡನೇ ಥ್ಯಾಂಕ್ಸ್ ನಿನಗೆ. ಬೈದಿದ್ದಕ್ಕೂ ಸೇರಿಸಿ.

ಆಸ್ಪತ್ರೆಯಲ್ಲಿ ಮೊದಲು ನೋಡಿದವರಿಗೆ ಅಪೆಂಡಿಕ್ಸ್ ಅನುಮಾನ. ಬಲಗಡೆ ನೋವು, ವಾಂತಿ ಎಂದರೆ ಅದೂ ಸಹಜವೇ. ಸ್ಕ್ಯಾನ್ ಆಯಿತು. ಮಗುವಿನ ಹೃದಯ ಓಡುತ್ತಿತ್ತು. ಓವರಿ ಮಾತ್ರ ಸಿಸ್ಟ್ ಸಮೇತ ಊದಿಕೊಂಡು 9 ಸೆಂಟಿಮೀಟರ್ ಆಗಿತ್ತು. ಡಾಪ್ಲರ್‌ನಲ್ಲಿ ರಕ್ತ ಹರಿಯುತ್ತಿರುವುದು ಕಾಣುತ್ತಿತ್ತು. "ರಕ್ತ ಹರೀತಿದೆ, ಹಾಗಾಗಿ ಓವರಿ ತಿರುಚಿಕೊಂಡಿಲ್ಲ, ನೋವಿನ ಔಷಧಿ ಕೊಟ್ಟು ನೋಡೋಣ" ಎಂಬ ಮಾತು ನನ್ನ ತಲೆಯ ಮೇಲೇ ನಡೆಯಿತು. ಅಷ್ಟರಲ್ಲಿ ಡ್ಯೂಟಿಯಲ್ಲಿದ್ದ ಸೀನಿಯರ್ ಡಾಕ್ಟರ್ ಬಂದರು. ಮೂರನೇ ಥ್ಯಾಂಕ್ಸ್ ಅವರಿಗೆ.

ಅವರು ಹೇಳಿದ ಕಾರಣವನ್ನು ಆಮೇಲೆ ಕೇಳಿ ಬರೆದುಕೊಂಡೆ. ಓವರಿ ಒಂದು ತೊಟ್ಟಿನ ಮೇಲೆ ನೇತಾಡುವ ಹಣ್ಣಿನ ಹಾಗೆ. ಭಾರ ಜಾಸ್ತಿಯಾದರೆ ತೊಟ್ಟು ತಿರುಚಿಕೊಳ್ಳಬಹುದು. ಸಿಸ್ಟ್ 5 ಸೆಂಟಿಮೀಟರ್ ದಾಟಿದ ಮೇಲೆ ಆ ಭಯ ಜಾಸ್ತಿ. ಎಡಗಡೆ ದೊಡ್ಡ ಕರುಳು ಜಾಗ ಹಿಡಿದಿರುತ್ತದೆ, ಹಾಗಾಗಿ ಬಲಗಡೆಯದೇ ಹೆಚ್ಚು ತಿರುಚಿಕೊಳ್ಳುತ್ತದೆ. ತಿರುಚಿದಾಗ ಮೊದಲು ಅಮುಕಿಹೋಗುವುದು ರಕ್ತ ವಾಪಸ್ ಒಯ್ಯುವ ನಾಳ, ಅದರ ಗೋಡೆ ತೆಳು. ಒಳಗೆ ಬರುವ ರಕ್ತ ಇನ್ನೂ ಬರುತ್ತಲೇ ಇರುತ್ತದೆ. ಅದಕ್ಕೇ ಓವರಿ ಊದುತ್ತದೆ, ಡಾಪ್ಲರ್‌ನಲ್ಲಿ ಹರಿವೂ ಕಾಣುತ್ತದೆ. ಮೇಲಾಗಿ ಓವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಅಂದರೆ ಹರಿವು ಕಾಣಿಸಿತು ಎಂದ ಮಾತ್ರಕ್ಕೆ ತಿರುಚಿಲ್ಲ ಎನ್ನುವ ಹಾಗಿಲ್ಲ. ಅವರು ತೊಟ್ಟಿನ ಜಾಗವನ್ನೇ ಹುಡುಕಿ ನೋಡಿದರು. ಅಲ್ಲಿ ನಾಳಗಳು ನೀರಿನ ಸುಳಿಯ ಹಾಗೆ ಸುತ್ತಿಕೊಂಡಿದ್ದವು. ನೋವಿನ ರೀತಿ, ಊದಿದ ಓವರಿ, ಆ ಸುಳಿ. ಇಷ್ಟು ಸಾಕು, ಥಿಯೇಟರ್ ರೆಡಿ ಮಾಡಿ ಅಂದರು.

ಎಂಟು ವಾರದ ಬಸಿರಿಗೆ ಆಪರೇಷನ್ನಾ? ನನ್ನ ಭಯ ಪೂರ್ತಿ ಅದೇ. ಸಿಸ್ಟ್ ತೊಂದರೆ ಕೊಡದೆ ಸುಮ್ಮನಿದ್ದರೆ ಈ ವಾರಗಳಲ್ಲಿ ಅದನ್ನು ಮುಟ್ಟುವುದಿಲ್ಲ, ತೆಗೆಯಲೇಬೇಕಾದರೂ ಸಾಮಾನ್ಯವಾಗಿ ನಾಲ್ಕನೇ ತಿಂಗಳವರೆಗೆ ಕಾಯುತ್ತಾರೆ ಎಂದು ಅವರೇ ಹೇಳಿದರು. ಅಷ್ಟರೊಳಗೆ ಹೆಚ್ಚಿನವು ತಾವೇ ಕರಗಿರುತ್ತವೆ. ಆದರೆ ತಿರುಚಿಕೊಂಡ ಓವರಿ ಕಾಯುವುದಿಲ್ಲ. ಕೈ ಹಿಡಿದು ಒಂದೊಂದನ್ನೂ ನಿಧಾನವಾಗಿ ಹೇಳಿದ ಅರಿವಳಿಕೆ ಡಾಕ್ಟರನ್ನೂ ನಾನು ಮರೆಯುವುದಿಲ್ಲ.

ಲ್ಯಾಪರೋಸ್ಕೋಪಿ, ಮೂರು ಸಣ್ಣ ತೂತು. ಓವರಿ ಎರಡು ಸುತ್ತು ತಿರುಚಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತಂತೆ. ಬಿಚ್ಚಿ ಕಾದರು. ಬಣ್ಣ ಪೂರ್ತಿ ವಾಪಸ್ ಬರಲಿಲ್ಲ, ಸ್ವಲ್ಪ ತಿಳಿಯಾಯಿತು ಅಷ್ಟೇ. ಆದರೂ ತೆಗೆಯಲಿಲ್ಲ. ಕಪ್ಪಾಗಿ ಕಂಡ ಓವರಿ ಕೂಡ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ ಎನ್ನುವುದು ಅವರ ನಂಬಿಕೆ. ಸಿಸ್ಟನ್ನೂ ಕೀಳಲಿಲ್ಲ. ಅದರ ಗೋಡೆಯಲ್ಲಿ ರಕ್ತನಾಳ ಜಾಸ್ತಿ, ಕೀಳಲು ಹೋದರೆ ರಕ್ತ ನಿಲ್ಲಿಸುವುದು ಕಷ್ಟ. ಜೊತೆಗೆ ಹಾರ್ಮೋನ್ ಬರುತ್ತಿರುವುದೂ ಅಲ್ಲಿಂದಲೇ. ಒಳಗಿನ ನೀರನ್ನಷ್ಟೇ ಎಳೆದು ಭಾರ ಇಳಿಸಿದರು.

ಆ ಚೀಲ ಇಷ್ಟು ಪೆಟ್ಟು ತಿಂದ ಮೇಲೆ ಮೊದಲಿನ ಹಾಗೆ ಕೆಲಸ ಮಾಡುತ್ತದೆ ಎಂದು ನಂಬಿ ಕೂರುವ ಹಾಗಿರಲಿಲ್ಲ. ಆದ್ದರಿಂದ 12 ವಾರ ತುಂಬುವವರೆಗೆ ಪ್ರೊಜೆಸ್ಟರಾನ್ ಮಾತ್ರೆ ಒಳಗೆ ಇಟ್ಟುಕೊಳ್ಳಲು ಕೊಟ್ಟರು. ಒಮ್ಮೆ ಮರೆತೆ. ಅಳುತ್ತಾ ಫೋನ್ ಮಾಡಿದ ನನಗೆ ರಾತ್ರಿ ಪಾಳಿಯ ನರ್ಸ್ ಸಿಸ್ಟರ್, "ಈಗ ಇಟ್ಕೊಳ್ಳಿ, ನಾಳೆಯಿಂದ ಅಲಾರಂ ಇಟ್ಕೊಳ್ಳಿ" ಎಂದಷ್ಟೇ ಹೇಳಿದರು. ಅವರ ಹೆಸರು ಕೇಳಿಕೊಳ್ಳಲಿಲ್ಲ, ಈಗಲೂ ಬೇಜಾರಿದೆ.

ತಿರುಚಿದ್ದು ಮತ್ತೆ ತಿರುಚಬಹುದು ಎಂಬ ಎಚ್ಚರಿಕೆ ಕೊಟ್ಟೇ ಮನೆಗೆ ಕಳಿಸಿದ್ದರು. ಆ ಮೂರು ಸಾಲಿನ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. 12ನೇ ವಾರದಲ್ಲಿ ಸಿಸ್ಟ್ 3 ಸೆಂಟಿಮೀಟರಿಗೆ ಇಳಿದಿತ್ತು. 16ನೇ ವಾರ ಮತ್ತೆ ಅದೇ ಸ್ಕ್ಯಾನ್ ಡಾಕ್ಟರ ಎದುರು ಮಲಗಿದ್ದೆ. ಬಲಗಡೆ ಎಷ್ಟು ಹೊತ್ತು ಹುಡುಕಿದರೂ ಸಿಸ್ಟ್ ಸಿಗಲಿಲ್ಲ. ಪುಟ್ಟ ಓವರಿ, ಅದರೊಳಗೆ ರಕ್ತದ ಹರಿವು ಚೆನ್ನಾಗಿತ್ತು. "ಎಲ್ಲಿ ಹೋಯ್ತು ನಿಮ್ಮ ನೆಂಟ?" ಅಂದರು. ಇಬ್ಬರೂ ನಕ್ಕೆವು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಅಳುವೂ ಬಂತು. ಅಷ್ಟು ಕಾಡಿದ್ದು, ಅಷ್ಟೇ ಸಾಕಿದ್ದು ಕೂಡ ಅದೇ ತಾನೇ.

ಮಗಳು ಎದ್ದಳು. ಫ್ರಿಜ್ಜಿನ ಮೇಲಿನ ಹಾಳೆಯನ್ನು ಹೋದ ವಾರವಷ್ಟೇ ಬಿಡಿಸಿ, ಅವಳ ಲಸಿಕೆ ಕಾರ್ಡ್ ಇರುವ ಫೈಲಿಗೆ ಸೇರಿಸಿದ್ದೇನೆ.