ಪುಟ್ಟಿಗೆ, ಆ ನಾಲ್ಕು ಸಾಲಿನ ಉತ್ತರದ ಬಗ್ಗೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಇಂಟರ್‌ವ್ಯೂಗೆ ಹೋದದ್ದನ್ನು ನಿನ್ನ ಗೆಳತಿ ಹೊರಗೆ ಹೇಳಿಬಿಟ್ಟದ್ದು, ಆಮೇಲೆ ಆಫೀಸಿನಲ್ಲಿ ಆದದ್ದು, ಎಲ್ಲವನ್ನೂ ನೀನು ಎರಡು ಪುಟ ಬರೆದಿದ್ದೀಯ. ಅದೆಲ್ಲ ನಿಮ್ಮಮ್ಮನ ಬಾಯಲ್ಲಿ ಆಗಲೇ ಕೇಳಿದ್ದೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯಲ್ಲಿ ಅಂಚಿಗೆ ತುರುಕಿದ ಒಂದು ಸಾಲು: 'ಗಟ್ಟಿಯಾಗಿ ಬರೆದರೆ ಇನ್ನೊಂದು ವಿಷಯವನ್ನೂ ಹೇಳಿಬಿಟ್ಟಾಳು ಅಂತ ಹೆದರಿಕೆ.' ಆ ಇನ್ನೊಂದು ವಿಷಯ ಏನು ಅಂತ ನಾನಿಲ್ಲಿ ಬರೆಯುವುದಿಲ್ಲ. ನೀನೂ ಎಲ್ಲಿಯೂ ಬರೆಯಬೇಡ, ಅವಳಿಗಂತೂ ಸುತರಾಂ ಬೇಡ. 'ಅದನ್ನಾದ್ರೂ ಯಾರಿಗೂ ಹೇಳ್ಬೇಡ್ವೇ' ಎಂದು ಒಮ್ಮೆ ಬರೆದೆಯೋ, ಇವಳಿಗೆ ನೋವಿರುವುದು ಎಲ್ಲಿ ಅಂತ ಅವಳಿಗೆ ನೀನೇ ತೋರಿಸಿಕೊಟ್ಟ ಹಾಗೆ. ಮೇಲಾಗಿ ಅದು ಅವಳ ಫೋನಿನಲ್ಲಿ ಉಳಿಯುತ್ತದೆ.

ಅವಳು ಕಳಿಸಿದ ಮಾತನ್ನು ನೀನು ನಕಲು ಮಾಡಿ ಕಳಿಸಿದ್ದು ಒಳ್ಳೆಯದಾಯಿತು. 'ಸಾರಿ ಕಣೇ, ಬಾಯ್ತಪ್ಪಿ ಬಂದ್ಬಿಡ್ತು. ಅಷ್ಟು ದೊಡ್ಡ ವಿಷಯ ಅನ್ಕೊಂಡಿರ್ಲಿಲ್ಲ. ಬೇಜಾರಾ?' ನಾಲ್ಕೈದು ಸಲ ಓದಿದೆ. ಕ್ಷಮೆ ಇದೆ, ಯಾರಿಗೆ ಹೇಳಿದೆ ಅನ್ನುವುದಿಲ್ಲ. ಕೊನೆಗೆ ಪ್ರಶ್ನೆಯೊಂದು ಇದೆ, ಅದು ನಿನ್ನ ಬಾಯಿಂದ 'ಇಲ್ಲ ಬಿಡೇ' ಅನ್ನಿಸುವುದಕ್ಕೆ. ನಿನ್ನ ಕೈಯೂ ಅದನ್ನೇ ಬರೆಯಲು ಹೋಗುತ್ತಿದೆ, ಅಲ್ಲವೇ? ಹೆದರಿಕೆ ಇರುವಾಗ ಅಕ್ಕರೆಯ ಮಾತು ಬಹಳ ಸುಲಭವಾಗಿ ಬರುತ್ತದೆ. ನನಗೂ ಹಾಗೇ ಬರುತ್ತಿತ್ತು. ಗಟ್ಟಿ ಮಾತು ಯಾವಾಗಲೂ ತಡವಾಗಿ, ಆಡಬಾರದ ಹೊತ್ತಿನಲ್ಲಿ ಬರುತ್ತಿತ್ತು. ಇರಲಿ.

'ಪರವಾಗಿಲ್ಲ ಬಿಡೇ, ಆಗಿದ್ದು ಆಯ್ತು' ಎಂದು ಬರೆದರೆ ಏನಾಗುತ್ತದೆ ಅಂದರೆ, ವಿಷಯ ಎಲ್ಲಿಯವರೆಗೆ ಹೋಗಿದೆ ಅನ್ನುವುದು ಗೊತ್ತಾಗುವ ಮೊದಲೇ ನೀನು ಬಾಗಿಲು ಹಾಕಿದ ಹಾಗಾಗುತ್ತದೆ. ಎರಡು ವಾರ ಬಿಟ್ಟು ಕೇಳಿದರೆ, 'ನೀನೇ ಬಿಡು ಅಂದ್ಯಲ್ಲ' ಅನ್ನುತ್ತಾಳೆ. ಅದು ಸುಳ್ಳೂ ಅಲ್ಲ. ಇನ್ನು 'ನಿನ್ನನ್ನ ನಂಬಿದ್ದೇ ನನ್ನ ತಪ್ಪು, ಇನ್ನು ನನ್ನ ಹತ್ರ ಮಾತಾಡ್ಬೇಡ' ಎಂದು ಬರೆದರೆ ನಿನ್ನ ಹೆದರಿಕೆ ನಿಜವಾದೀತು. ಸ್ನೇಹ ಹೇಗೂ ಹೋಯಿತು ಅಂದಮೇಲೆ ಬಾಯಿ ಕಟ್ಟಿಕೊಂಡಿರಲು ಅವಳಿಗೆ ಕಾರಣ ಉಳಿಯುವುದಿಲ್ಲ. ಆದರೆ ಪುಟ್ಟಿ, ಇದನ್ನು ನೀನು ಗಟ್ಟಿ ಮಾತು ಅಂದುಕೊಂಡಿದ್ದೀಯ. ಇದು ಒರಟು ಮಾತು. 'ನೀನು ಇಂಥವಳು' ಅನ್ನುವುದು ಒರಟು, 'ಹೀಗೆ ಮಾಡಬೇಡ' ಅನ್ನುವುದು ಗಟ್ಟಿ. ನಿನಗೆ ಹೆದರಿಕೆ ಇರಬೇಕಾದದ್ದು ಮೊದಲನೆಯದಕ್ಕೆ.

ಇಡೀ ಉತ್ತರಕ್ಕೆ ಒಂದೇ ದನಿ ಇರಬೇಕೆಂದೇನೂ ಇಲ್ಲ. ಆದದ್ದನ್ನು ಹೇಳುವಾಗ ಸಪ್ಪೆ ದನಿ ಸಾಕು, ಮುಂದಿನದಕ್ಕೆ ಒಂದು ಗಟ್ಟಿ ಸಾಲು. ಅಕ್ಕರೆಯನ್ನು ಈಗ ಖರ್ಚು ಮಾಡಬೇಡ, ಅವಳ ಉತ್ತರ ಬರಲಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ, ನಿನಗೆ ಸರಿಬರದಿದ್ದರೆ ಬಿಡು:

'ನಿನ್ನ ಮೆಸೇಜ್ ನೋಡಿದೆ. ನಾನು ಇಂಟರ್‌ವ್ಯೂಗೆ ಹೋಗಿದ್ದು ಟೀಮ್ ಲೀಡ್‌ಗೆ ಗೊತ್ತಾಗಿದೆ, ಸೋಮವಾರ ಕರೆದು ಕೇಳಿದ್ರು. ನೀನು ಯಾರ್ಯಾರಿಗೆ ಹೇಳಿದ್ದೀಯ ಅಂತ ನನಗೆ ಗೊತ್ತಾಗ್ಬೇಕು. ನಿನ್ನ ಹತ್ರ ನಾನು ಹೇಳಿರೋ ಯಾವ ವಿಷಯಾನೂ ಇನ್ಮುಂದೆ ಯಾರಿಗೂ ಹೇಳ್ಬೇಡ.'

ನಾಲ್ಕೇ ಸಾಲು. 'ಬೇಜಾರಾ?' ಅನ್ನುವುದಕ್ಕೆ ಇದರಲ್ಲಿ ಉತ್ತರವಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. 'ಗೊತ್ತಾಗಿದೆ' ಅಂದಿದ್ದೇನೆ, 'ನೀನು ಹೋಗಿ ಊದಿದೆ' ಅಂದಿಲ್ಲ. ವಾದಕ್ಕೆ ಅವಳಿಗೆ ಹಿಡಿ ಸಿಗಬಾರದು. 'ಯಾಕೆ ಹೇಳಿದೆ' ಎಂದು ಕೇಳಬೇಡ. ಯಾಕೆ ಅಂದರೆ ನೆಪ ಬರುತ್ತದೆ, ಯಾರಿಗೆ ಅಂದರೆ ಹೆಸರು ಬರುತ್ತದೆ. ಆ 'ಯಾವ ವಿಷಯಾನೂ' ಅನ್ನುವುದರಲ್ಲಿ ನಿನ್ನ ಇನ್ನೊಂದು ವಿಷಯವೂ ಅಡಗಿದೆ, ಹೆಸರಿಲ್ಲದೆ.

ಹೆದರಿಕೆ ಎಲ್ಲಿಂದ ಇಣುಕುತ್ತದೆ ನೋಡು. ಕೊನೆಯ ಸಾಲಿಗೆ 'ಪ್ಲೀಸ್' ಸೇರಿಸಿದರೆ ಇಣುಕುತ್ತದೆ. 'ಹೇಳ್ಬೇಡ್ವೇ' ಅಂದರೂ ಅಷ್ಟೆ, 'ಹೇಳಲ್ಲ ಅಲ್ವಾ?' ಅಂದರಂತೂ ಪೂರ್ತಿ. 'ಹೇಳ್ಬೇಡ' ಎಂದು ಬರಿದಾಗಿ ನಿಲ್ಲಿಸು. ಇನ್ನೊಂದು ಕಡೆಗೆ ಜಾರುವುದೂ ಒಂದೇ ಅಕ್ಷರದಲ್ಲಿ: 'ನಿನಗೆ ಹೇಳಿದ್ದೆ' ಸಪ್ಪೆ, 'ನಿನಗೇ ಹೇಳಿದ್ದೆ' ಅಂದರೆ ಚುಚ್ಚು. 'ನೋಡು' ಎಂದು ಶುರು ಮಾಡಿದರೆ ಬೈಗುಳ ಬಂತು ಅಂತಲೇ ಅವಳ ಕಿವಿಗೆ ಬೀಳುತ್ತದೆ. ಇಷ್ಟು ವರ್ಷ 'ನೀನು' ಅಂದವಳನ್ನು ಈಗ 'ನೀವು' ಅನ್ನಬೇಡ, ಕನ್ನಡ ಬಿಟ್ಟು ಇಂಗ್ಲಿಷಿಗೂ ಹೋಗಬೇಡ. ಬೈಗುಳಕ್ಕಿಂತ ಅದೇ ಹೆಚ್ಚು ಚುರುಕು ಮುಟ್ಟಿಸುತ್ತದೆ. 'ಕಣೇ' ಒಂದನ್ನು ಮಾತ್ರ ಈ ಸಲ ಬಿಟ್ಟುಬಿಡು. ಅದಿಲ್ಲದ್ದು ಅವಳಿಗೆ ತಿಳಿಯುತ್ತದೆ, ಅಷ್ಟು ತಿಳಿದರೆ ಸಾಕು.

ಬರೆದು ರಾತ್ರಿ ಇಟ್ಟು ಬೆಳಿಗ್ಗೆ ಕಳಿಸು. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ತಿದ್ದುವುದಕ್ಕೆ ಇರುವುದು 15 ನಿಮಿಷ, ತಿದ್ದಿದೆ ಅಂತ ಗುರುತೂ ಬೀಳುತ್ತದೆ. ಅಳಿಸಿದರೂ ಅಳಿಸಿದ ಕುರುಹು ಅಲ್ಲೇ ಕೂತಿರುತ್ತದೆ, 'ಏನೋ ಬೈದು ಅಳಿಸಿದ್ದಾಳೆ' ಎಂದು ಅವಳು ಇಲ್ಲದ್ದನ್ನೂ ಊಹಿಸುತ್ತಾಳೆ. ಧ್ವನಿ ಮೆಸೇಜು ಬೇಡವೇ ಬೇಡ. ನಿನ್ನ ದನಿ ನಡುಗಿದರೆ ಪದ ಎಷ್ಟು ಗಟ್ಟಿಯಿದ್ದೂ ಪ್ರಯೋಜನವಿಲ್ಲ.

ಮತ್ತೆ ಆ ಹೆದರಿಕೆಗೇ ಬರುತ್ತೇನೆ, ಕ್ಷಮಿಸು, ಬಿಡಲಾಗುತ್ತಿಲ್ಲ. ಅವಳ ಉತ್ತರ ನೋಡಿದರೆ ಅದು ಎಷ್ಟು ನಿಜ ಅನ್ನುವುದು ನಿನಗೇ ತಿಳಿದೀತು. 'ಇವರಿಬ್ಬರಿಗೆ ಹೇಳಿದೆ, ಊಟದ ಹೊತ್ತಿನಲ್ಲಿ' ಎಂದು ನೇರವಾಗಿ ಹೆಸರು ಕೊಟ್ಟರೆ ಅವಳಿಗೆ ನಿಜಕ್ಕೂ ನಾಚಿಕೆಯಾಗಿದೆ. ಆಗ ಮುಂದಿನ ಮೆಸೇಜಿಗೆ 'ಕಣೇ' ವಾಪಸ್ ಬರಲಿ, 'ಹೇಳಿದ್ದು ಒಳ್ಳೇದಾಯ್ತು' ಅನ್ನು. 'ನಿನಗೆ ಯಾರು ಹೇಳಿದ್ದು?' ಎಂದು ತಿರುಗಿ ಕೇಳಿದರೆ ಅವಳ ಚಿಂತೆಯೆಲ್ಲ ಸಿಕ್ಕಿಬಿದ್ದದ್ದರ ಬಗ್ಗೆ. ನಿನಗೆ ಹೇಳಿದವರ ಹೆಸರು ಕೊಡಬೇಡ, ಇಲ್ಲದಿದ್ದರೆ ಜಗಳ ಅವರ ಕಡೆಗೆ ಹೊರಳುತ್ತದೆ. 'ಅದು ಬೇಡ, ಯಾರ್ಯಾರಿಗೆ ಹೇಳಿದೆ ಅಂತ ಹೇಳು' ಎಂದು ಅದೇ ದನಿಯಲ್ಲಿ ಇನ್ನೊಮ್ಮೆ ಕೇಳು, ಮೂರನೇ ಸಲ ಬೇಡ. ಅತ್ತು ಕರೆದು ತನ್ನ ಕಷ್ಟವನ್ನೇ ಬರೆದರೆ ಒಂದು ದಿನ ಸುಮ್ಮನಿದ್ದು ನೋಡು.

'ನನಗೆ ನಿನ್ನದು ಇನ್ನೂ ಏನೇನೋ ಗೊತ್ತು' ಎಂದು ಬರೆದರೆ? ಆ ಮೆಸೇಜನ್ನು ಸ್ಕ್ರೀನ್‌ಶಾಟ್ ತೆಗೆದಿಡು, ಉತ್ತರ ಕೊಡಬೇಡ. ಅಂಥ ಹೊತ್ತಿನಲ್ಲಿ ಯಾವ ದನಿಯೂ ಕೆಲಸ ಮಾಡುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಒಂದೇ: ಆ ವಿಷಯ ಯಾರ ಕಿವಿಗೆ ಬಿದ್ದರೆ ನಿನಗೆ ತೊಂದರೆಯೋ ಅವರಿಗೆ ಅವಳಿಗಿಂತ ಮೊದಲು ನೀನು ಹೇಳುವುದು. ನಿನ್ನ ಲೆಕ್ಕದಲ್ಲಿ ಅಂಥವರು ಎಷ್ಟು ಜನ? ನನಗೆ ಕಾಣುವಂತೆ ಒಬ್ಬರೇ. ನಿಮ್ಮಪ್ಪ. ಅವನು ನನ್ನ ಮೈದುನ, ಅವನ ಸಿಟ್ಟು ನನಗೆ ಗೊತ್ತು, ಎರಡು ದಿನ ಮಾತು ಬಿಡುತ್ತಾನೆ, ಮೂರನೇ ದಿನ ಊಟ ಆಯ್ತಾ ಅಂತಾನೆ. ನನ್ನ ಮಾತು ತಪ್ಪೂ ಇದ್ದೀತು. ಆದರೂ ನೀನು ಹೂಂ ಅಂದರೆ ಜೊತೆಗೆ ನಾನು ಬಂದು ಕೂರುತ್ತೇನೆ.

ಇದನ್ನು ಮೊದಲೇ ಬರೆಯಬೇಕಿತ್ತೇನೋ. ಯಾಕೆಂದರೆ ಅವನಿಗೆ ಹೇಳಿಯೇಬಿಟ್ಟರೆ ಆ ನಾಲ್ಕನೇ ಸಾಲು ಬರೆಯುವಾಗ ನಿನ್ನ ಕೈ ತಡೆಯುವುದಿಲ್ಲ.

ಬುಧವಾರ ಸಂಜೆ ಏಳರ ಮೇಲೆ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ, ಫೋನ್ ಮಾಡು. ಕಳಿಸುವ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು.

ನಿನ್ನ
ದೊಡ್ಡಮ್ಮ