ತಿರುಗಿ ಓಡುವಂತಿಲ್ಲ, ಖೋ ಕೊಡಬೇಕು

ಕಳೆದ ಭಾನುವಾರದ ಅಭ್ಯಾಸದಲ್ಲಿ ನಮ್ಮ ಕನ್ನಡ ತರಗತಿಯ ಹುಡುಗಿಯೊಬ್ಬಳು ಮೈದಾನದ ನಡುವೆ ನಿಂತು ಕೇಳಿದಳು: “ಆಂಟಿ, ಅವನು ನನ್ನ ಹಿಂದೆಯೇ ಇದ್ದ. ತಿರುಗಿ ಮುಟ್ಟಿದರೆ ಏನು ತಪ್ಪು?” ಈ ಸಲದ ಬೇಸಿಗೆ ವನಭೋಜನಕ್ಕೆ ಖೋ-ಖೋ ಸೇರಿಸಿದ್ದೇವೆ. ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಈ ಆಟವನ್ನು ನೋಡಿಯೇ ಇಲ್ಲ. ಪತ್ರಿಕೆ ಇಂದು ರಾತ್ರಿಯೇ ಹೊರಡಬೇಕು, ಆದರೆ ಅವಳಿಗೆ ಉತ್ತರ ಬರೆಯದೆ ಕಳಿಸಲು ಮನಸ್ಸಿಲ್ಲ.

ಎರಡು ಕಂಬಗಳ ನಡುವೆ ಒಂದು ಗೆರೆ. ಅದರ ಮೇಲೆ ಎಂಟು ಚೌಕಗಳಲ್ಲಿ ಎಂಟು ಮಂದಿ ಕುಳಿತಿರುತ್ತಾರೆ. ಒಬ್ಬರು ಎಡಕ್ಕೆ ಮುಖ ಮಾಡಿದರೆ ಪಕ್ಕದವರು ಬಲಕ್ಕೆ. ಅದೇ ತಂಡದ ಒಂಬತ್ತನೆಯವರು ಅಟ್ಟಿಸಿಕೊಂಡು ಓಡುತ್ತಾರೆ. ಎದುರು ತಂಡದ ಓಟಗಾರರು ಮೂರು ಮೂರು ಜನರಾಗಿ ಒಳಗೆ ಬರುತ್ತಾರೆ. ಅವರು ಕುಳಿತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವರು ಮಾತ್ರ ನಡುಗೆರೆಯನ್ನು ದಾಟುವಂತಿಲ್ಲ. ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬಿಡುವಂತಿಲ್ಲ. ಕಂಬದ ಆಚೆಯ ಜಾಗದಲ್ಲಿ ಮಾತ್ರ ಅವರಿಗೆ ಸ್ವಾತಂತ್ರ್ಯ.

ಹಾಗಾದರೆ ಹಿಡಿಯುವುದು ಹೇಗೆ? ಮೊದಲ ಕಂಬದ ಕಡೆಯಿಂದ ಎಣಿಸೋಣ. ಬೆಸ ಸಂಖ್ಯೆಯವರು ಎಡಕ್ಕೆ, ಸಮ ಸಂಖ್ಯೆಯವರು ಬಲಕ್ಕೆ ಮುಖ ಮಾಡಿದ್ದಾರೆ ಎನ್ನೋಣ. ನೀವು ಎಡಗಡೆ ಓಡುತ್ತಾ ಮೂರನೆಯವರ ಹತ್ತಿರ ಬಂದಿದ್ದೀರಿ. ಮುಂದಿದ್ದ ಓಟಗಾರ ನಾಲ್ಕು ಮತ್ತು ಐದರ ನಡುವೆ ನುಸುಳಿ ಬಲಕ್ಕೆ ಹಾರಿದ. ನೀವು ಹಿಂಬಾಲಿಸುವಂತಿಲ್ಲ. ಆದರೆ ನಾಲ್ಕನೆಯವರ ಬೆನ್ನು ನಿಮ್ಮ ಕಡೆಗಿದೆ, ಅವರ ಮುಖ ಓಟಗಾರ ಹೋದ ಕಡೆಗಿದೆ. ಬೆನ್ನು ಮುಟ್ಟಿ “ಖೋ” ಎನ್ನಿ. ಅವರು ಎದ್ದು, ಓಟಗಾರ ಯಾವ ಕಂಬದತ್ತ ತಿರುಗಿದ್ದಾನೋ ಅತ್ತಲೇ ಹೊರಡುತ್ತಾರೆ. ನೀವು ಅವರ ಚೌಕದಲ್ಲಿ, ಅವರು ಕುಳಿತಿದ್ದ ದಿಕ್ಕಿಗೇ ಮುಖ ಮಾಡಿ ಕೂರುತ್ತೀರಿ. ನಾಲ್ಕನೆಯವರನ್ನು ದಾಟಿ ಮುಂದೆ ಹೋಗಿಬಿಟ್ಟರೆ ಹಿಂದೆ ಬಂದು ಖೋ ಕೊಡುವುದು ತಪ್ಪು. ಆರನೆಯವರವರೆಗೆ ಓಡಬೇಕು, ಅಷ್ಟರಲ್ಲಿ ಓಟಗಾರ ತಪ್ಪಿಸಿಕೊಂಡಿರುತ್ತಾನೆ. ಪುಟ್ಟಿ, ನೀನು ತಿರುಗುವ ಬದಲು ನಿನ್ನ ತಂಡ ನಿನಗಾಗಿ ತಿರುಗುತ್ತದೆ. ಅದಕ್ಕೇ ಇದು ಬರೀ ವೇಗದ ಆಟವಲ್ಲ.

ಕೂರುವುದನ್ನು ನಾನು ಕಲಿತದ್ದು ನಮ್ಮ ಊರಿನ ಶಾಲೆಯ ಕೆಮ್ಮಣ್ಣಿನ ಅಂಗಳದಲ್ಲಿ. ಸಂಜೆಯ ಪಿ.ಟಿ. ಪೀರಿಯಡ್‌ನಲ್ಲಿ ಮೇಷ್ಟ್ರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿ, ನಮ್ಮನ್ನು ಕೂರಿಸಿ, ಮೊದಲು ಯಾರನ್ನೂ ಓಡಿಸುತ್ತಲೇ ಇರಲಿಲ್ಲ. ಎರಡು ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರುವುದು ಒಂದು ಕ್ರಮ. ಒಂದು ಪಾದವನ್ನು ಹಿಂದಿಟ್ಟು, ಬೆರಳ ತುದಿಗಳನ್ನು ನೆಲಕ್ಕೂರಿ, ಓಟದ ಪಂದ್ಯಕ್ಕೆ ಸಜ್ಜಾದಂತೆ ಕೂರುವುದು ಇನ್ನೊಂದು. ಅವರಿಗೆ ಎರಡನೆಯದೇ ಇಷ್ಟ, ಏಳುವಾಗಲೇ ಮೊದಲ ಹೆಜ್ಜೆ ಸಿಗುತ್ತದೆ ಎಂದು. ಆಮೇಲೆ ಹಿಂದಿನಿಂದ ಬಂದು ಕೆಲವರ ಬೆನ್ನನ್ನು ಸದ್ದಿಲ್ಲದೆ ಮುಟ್ಟುತ್ತಿದ್ದರು, ಕೆಲವರ ಹಿಂದೆ ಮುಟ್ಟದೆ “ಖೋ” ಎಂದು ಕೂಗುತ್ತಿದ್ದರು. ಎದ್ದವರೆಲ್ಲ ಸಾಲಿನಿಂದ ಹೊರಗೆ. ಸ್ಪರ್ಶ ಮತ್ತು ಕೂಗು ಎರಡೂ ಒಟ್ಟಿಗೆ ಬಂದಾಗ ಮಾತ್ರ ಅದು ಖೋ. ತೊಡೆ ನಡುಗುತ್ತಿದ್ದರೂ ಮೈಯೆಲ್ಲ ಕಿವಿಯಾಗಿ ಕಾಯುತ್ತಿದ್ದ ಆ ಸಂಜೆಗಳನ್ನು ಓದುಗರಲ್ಲಿ ಹಲವರು ಬಲ್ಲಿರಿ.

ಸರದಿಯ ಲೆಕ್ಕ ಸುಲಭ. ಹಳೆಯ ಕ್ರಮದಲ್ಲಿ ಒಂದು ತಂಡ 9 ನಿಮಿಷ ಅಟ್ಟುತ್ತದೆ, ಬಳಿಕ 9 ನಿಮಿಷ ಓಡುತ್ತದೆ; ಅಲ್ಲಿಗೆ ಒಂದು ಇನಿಂಗ್ಸ್. ಅಂಥವು ಎರಡು. ಮುಟ್ಟಿಸಿಕೊಂಡವರು, ಎರಡೂ ಪಾದ ಅಂಗಳದ ಹೊರಗಿಟ್ಟವರು ಔಟ್. ಮೂವರೂ ಔಟಾದರೆ ಮುಂದಿನ ಮೂವರು ತಡಮಾಡದೆ ಒಳಗೆ ಬರಬೇಕು. ಮೂರನೆಯವರನ್ನು ಔಟ್ ಮಾಡಿದವರು ಹೊಸಬರನ್ನು ತಾವೇ ಅಟ್ಟದೆ ಖೋ ಕೊಡಬೇಕು. ಒಂಬತ್ತೂ ಜನ ಔಟಾದರೆ ಮತ್ತೆ ಅದೇ ಕ್ರಮದಲ್ಲಿ ಮೊದಲಿನಿಂದ. ನಾವು ಮಕ್ಕಳಿಗೆ 5 ನಿಮಿಷದ ಸರದಿ ಇಟ್ಟಿದ್ದೇವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್‌ನಲ್ಲಿ ಏಳು ಜನರ ತಂಡಗಳೇ ಆಡಿದವು. ಭಾರತದ ಎರಡೂ ತಂಡಗಳು ಗೆದ್ದವು, ಗೆದ್ದ ಮಹಿಳಾ ತಂಡದಲ್ಲಿ ನಮ್ಮ ಟಿ. ನರಸೀಪುರದ ಕಡೆಯ ಚೈತ್ರಾ ಇದ್ದರು ಎನ್ನುವುದನ್ನು ಮಕ್ಕಳಿಗೆ ಹೇಳಿ.

ಇನ್ನು ಪ್ರಕಟಣೆಗಳು. ವನಭೋಜನಕ್ಕೆ ಹೆಸರು ಕೊಡಲು ಈ ಶುಕ್ರವಾರ ಕೊನೆ. ಬಿಸಿಬೇಳೆಬಾತಿಗೆ ದೊಡ್ಡ ಪಾತ್ರೆ ಇರುವವರು ತಿಳಿಸಿ. ಗಣೇಶನ ಹಬ್ಬದ ನಾಟಕದ ತಾಲೀಮು ಮುಂದಿನ ವಾರದಿಂದ. ಸದಸ್ಯತ್ವ ನವೀಕರಿಸದವರು ಅಲ್ಲೇ ನವೀಕರಿಸಬಹುದು.

ಉದ್ಯಾನದ ಹುಲ್ಲಿನ ಮೇಲೆ ಸುಣ್ಣ ಹಾಕಲು ಅನುಮತಿ ಇಲ್ಲ, ಆದ್ದರಿಂದ ಚೌಕಗಳಿಗೆ ಬಟ್ಟೆಯ ಪಟ್ಟಿ ಬೇಕು, ಗಡಿಗೆ ಪ್ಲಾಸ್ಟಿಕ್ ಕೋನ್‌ಗಳು ಬೇಕು. ಕಂಬದ ಜಾಗಕ್ಕೆ ಇಬ್ಬರು ದೊಡ್ಡವರು ನಿಂತರೂ ಸಾಕು. ಶಾಲೆಯಲ್ಲಿ ಖೋ-ಖೋ ಆಡಿದವರು ಯಾರಾದರೂ ಸೀಟಿ ಹಿಡಿದು ಅಂಪೈರ್ ಆಗಲು ಬನ್ನಿ. ಈ ಪತ್ರಿಕೆಯ ಪುಟ ಕಟ್ಟಲು ಕೂಡ ಇನ್ನೊಬ್ಬರು ಬೇಕಾಗಿದ್ದಾರೆ. ನಾನೊಬ್ಬಳೇ ಮಾಡುತ್ತಿದ್ದೇನೆ, ದಣಿದಿದ್ದೇನೆ. ಶನಿವಾರದೊಳಗೆ ಒಂದು ಕರೆ ಮಾಡಿ.